ಹಿರಿಯ ಅಧಿಕಾರಿಯ ವಜಾ ಪತ್ರ: ಕೋರ್ಟಿನಲ್ಲೂ ನಿಲ್ಲುವ ಹಾಗೆ ಬರೆಯುವುದು ಹೇಗೆ

ವಜಾ ಪತ್ರವನ್ನು ಮೊದಲು ಓದುವವರು ಕೆಲಸ ಕಳೆದುಕೊಳ್ಳುವ ಅಧಿಕಾರಿ. ಆಮೇಲೆ ಅವರ ವಕೀಲರು. ಕೊನೆಗೆ, ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ, ನ್ಯಾಯಾಧೀಶರು. ಬರೆಯುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಮೊದಲನೆಯವರು ಮಾತ್ರ. ಹಾಗಾಗಿ ಪತ್ರದಲ್ಲಿ ಸಿಟ್ಟೋ ಮುಜುಗರವೋ ಸೇರಿಕೊಳ್ಳುತ್ತದೆ. ಆದರೆ ಆ ಪತ್ರ ನಿಲ್ಲಬೇಕಾಗಿರುವುದು ನ್ಯಾಯಾಧೀಶರ ಮುಂದೆ. ಅಲ್ಲಿ ನೀವು ಬರೆದ ಒಂದೊಂದು ವಾಕ್ಯವನ್ನೂ ನೀವೇ ಸಾಬೀತು ಮಾಡಬೇಕು. ಈ ಲೇಖನ ಪೂರ್ತಿ ಈ ಒಂದು ಮಾತಿನ ಮೇಲೆ ನಿಂತಿದೆ.

ಹಿರಿಯರ ವಿಷಯದಲ್ಲಿ ಇದು ಇನ್ನೂ ಗಟ್ಟಿ ಮಾತು. ಅವರ ನೋಟಿಸ್ ಅವಧಿ ಆರು ತಿಂಗಳೋ ಒಂದು ವರ್ಷವೋ ಇರುತ್ತದೆ. ಬೋನಸ್, ಷೇರು, ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ಷರತ್ತು, ಎಲ್ಲವೂ ಒಪ್ಪಂದದಲ್ಲಿ ಇರುತ್ತವೆ. ಕೇಸು ಹಾಕಲು ಅವರಿಗೆ ಕಾರಣವೂ ಇದೆ, ಶಕ್ತಿಯೂ ಇದೆ.

ಇಲ್ಲಿ ನಾನು ಹೇಳುತ್ತಿರುವುದು ಇಂಗ್ಲಿಷ್ ಕಾಮನ್ ಲಾ ಪದ್ಧತಿಯಲ್ಲಿ, ಅಂದರೆ ಕೋರ್ಟಿನ ತೀರ್ಪುಗಳ ಮೂಲಕ, ಬೆಳೆದ ನಿಯಮಗಳನ್ನು. ಅದರ ಮೇಲೆ ಪ್ರತಿ ದೇಶವೂ ತನ್ನದೇ ಕಾರ್ಮಿಕ ಕಾನೂನು ಸೇರಿಸಿಕೊಂಡಿದೆ. ಪತ್ರ ಹೊರಡುವ ಮುಂಚೆ ನಿಮ್ಮಲ್ಲಿಯ ಕಾನೂನನ್ನು ಒಬ್ಬ ವಕೀಲರ ಹತ್ತಿರ ನೋಡಿಸಿಕೊಳ್ಳಲೇಬೇಕು.

## ಕೋರ್ಟು ಕೇಳುವ ಪ್ರಶ್ನೆ ಯಾವುದು

ಅಕ್ರಮ ವಜಾ ಎಂಬ ದಾವೆ ಮೂಲತಃ ಒಪ್ಪಂದದ ಜಗಳ. ಒಪ್ಪಂದದಲ್ಲಿ ಆರು ತಿಂಗಳ ನೋಟಿಸ್ ಎಂದಿದೆ. ನೀವು ಕೊಡಲಿಲ್ಲ. ಹಾಗಾದರೆ ಒಪ್ಪಂದ ಮುರಿದವರು ನೀವು. ಇದರಿಂದ ತಪ್ಪಿಸಿಕೊಳ್ಳಲು ಇರುವ ದಾರಿ ಒಂದೇ: ಅದಕ್ಕೂ ಮುಂಚೆ ಅಧಿಕಾರಿಯೇ ಒಪ್ಪಂದವನ್ನು ಬುಡಸಮೇತ ಮುರಿದಿದ್ದರು ಎಂದು ತೋರಿಸುವುದು.

ಎಷ್ಟು ದೊಡ್ಡ ತಪ್ಪಾದರೆ ಬುಡಸಮೇತ ಮುರಿದ ಹಾಗೆ? ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಸಂಗೀತ ಮುಖ್ಯಸ್ಥರ ಪ್ರಕರಣ ಇದಕ್ಕೆ ಒಳ್ಳೆಯ ಅಳತೆಗೋಲು. 1990ರ ದಶಕದ ಕೊನೆಯಲ್ಲಿ ತೀರ್ಮಾನವಾದ ಪ್ರಕರಣ ಅದು. ಗಾಯಕವೃಂದದ ಕಾರ್ಯಕ್ರಮಗಳಿಂದ ಅವರು ಸಂಸ್ಥೆಗೆ ಹೇಳದೆ ಲಾಭ ಪಡೆದಿದ್ದರು. ಅವರನ್ನು ಮುಂದೆಯೂ ಇಟ್ಟುಕೊಳ್ಳಿ ಎಂದು ಮಾಲೀಕರಿಗೆ ಹೇಳಲಾಗದಷ್ಟು ಮಟ್ಟಿಗೆ ನಂಬಿಕೆ ಹಾಳಾಗಿದೆಯೇ ಎಂಬುದೇ ಅಲ್ಲಿ ಪ್ರಶ್ನೆಯಾಯಿತು. ಹಾಳಾಗಿದೆ ಎಂದೇ ತೀರ್ಪು ಬಂತು.

ಬಹಳ ಜನ ಎಡವುವುದು ಇಲ್ಲಿ: ನೀವು ಪ್ರಾಮಾಣಿಕವಾಗಿ ನಂಬಿದ್ದಿರಿ ಎಂದರೆ ಈ ದಾವೆಯಲ್ಲಿ ಸಾಲದು. ತಪ್ಪು ನಿಜವಾಗಿ ನಡೆದಿರಬೇಕು. ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಬೇಡ. ನಡೆದಿರುವ ಸಾಧ್ಯತೆಯೇ ಜಾಸ್ತಿ ಎಂದು ತೋರಿಸಿದರೆ ಸಾಕು. ಆದರೆ ತೋರಿಸುವ ಹೊಣೆ ನಿಮ್ಮದು. ಇಂಗ್ಲೆಂಡಿನಂಥ ಕಡೆ ಇದರ ಜೊತೆಗೆ ಅನ್ಯಾಯದ ವಜಾ ಎಂಬ ಬೇರೆ ಕಾಯ್ದೆಬದ್ಧ ದಾವೆಯೂ ಇದೆ. ಅಲ್ಲಿ ಸರಿಯಾದ ತನಿಖೆಯ ಮೇಲೆ ನಿಂತ ನಂಬಿಕೆಗೆ ಬೆಲೆ ಇದೆ. ಅಧಿಕಾರಿಯ ವಕೀಲರು ಎರಡನ್ನೂ ಒಟ್ಟಿಗೆ ಹಾಕಬಹುದು. ಆದ್ದರಿಂದ ಪತ್ರ ಎರಡಕ್ಕೂ ಉತ್ತರ ಕೊಡುವಂತಿರಬೇಕು.

## ನಮ್ಮ ಮುಂದಿರುವ ಪ್ರಕರಣ

ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಒಂದು ಕಂಪನಿಯ ಖರೀದಿ ವಿಭಾಗದ ಮುಖ್ಯಸ್ಥರು. ಹನ್ನೊಂದು ವರ್ಷದ ಸೇವೆ, ಆರು ತಿಂಗಳ ನೋಟಿಸ್. ಒಪ್ಪಂದದ 9ನೇ ಕಲಂ ಪ್ರಕಾರ ತಮಗೋ ಹತ್ತಿರದ ಸಂಬಂಧಿಕರಿಗೋ ಯಾವುದೇ ಪೂರೈಕೆದಾರ ಕಂಪನಿಯಲ್ಲಿ ಪಾಲಿದ್ದರೆ ಅದನ್ನು ಬರವಣಿಗೆಯಲ್ಲಿ ತಿಳಿಸಬೇಕು. 14ನೇ ಕಲಂ ಪ್ರಕಾರ ಗಂಭೀರ ದುರ್ನಡತೆ ಇದ್ದರೆ ನೋಟಿಸ್ ಇಲ್ಲದೆ ತೆಗೆಯಬಹುದು.

ಆಡಿಟ್ ಮಾಡುವಾಗ ಗೊತ್ತಾಯಿತು: ಪ್ಯಾಕಿಂಗ್ ಸಾಮಾನು ಪೂರೈಸುವ ಒಂದು ಕಂಪನಿಯಲ್ಲಿ ಅವರ ಹೆಂಡತಿಗೆ ಶೇ. 40ರಷ್ಟು ಪಾಲಿದೆ. ಎರಡು ವರ್ಷದಲ್ಲಿ ಆ ಕಂಪನಿಗೆ ಹೋದ ಏಳು ಖರೀದಿ ಆದೇಶಗಳಿಗೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಆ ಎರಡು ವರ್ಷವೂ ವಾರ್ಷಿಕ ಘೋಷಣೆಯಲ್ಲಿ "ಯಾವುದೂ ಇಲ್ಲ" ಎಂದು ಬರೆದು ಸಹಿ ಮಾಡಿದ್ದಾರೆ.

## ಹಂತ 1: ಬರೆಯುವ ಮುಂಚೆ ಮೇಜಿನ ಮೇಲೆ ಇರಬೇಕಾದದ್ದು

ಒಪ್ಪಂದದ ಮೂಲ ಪ್ರತಿ ಮತ್ತು ಆಮೇಲೆ ಆದ ತಿದ್ದುಪಡಿಗಳು. ನಡತೆ ನಿಯಮಗಳು, ಜೊತೆಗೆ ಅವು ಅಧಿಕಾರಿಗೆ ತಲುಪಿದ್ದಕ್ಕೆ ದಾಖಲೆ. ಆರೋಪ ಪತ್ರ ಮತ್ತು ಅದಕ್ಕೆ ಅವರ ಉತ್ತರ. ವಿಚಾರಣೆಯ ಟಿಪ್ಪಣಿ, ವರದಿ. ಇಷ್ಟೂ ಇಲ್ಲದೆ ಪತ್ರದ ಒಂದು ಸಾಲನ್ನೂ ಬರೆಯಬೇಡಿ.

ಒಪ್ಪಂದವನ್ನು ಓದುವಾಗ ಮೂರು ವಿಷಯ ಹುಡುಕಿ. ಗಂಭೀರ ದುರ್ನಡತೆ ಎಂದರೆ ಏನೆಂದು ಅಲ್ಲಿ ವಿವರಿಸಲಾಗಿದೆಯೇ? ಕೆಲಸದಿಂದ ತೆಗೆಯುವ ಅಧಿಕಾರ ಯಾರದು, ಎಚ್‌ಆರ್ ಮುಖ್ಯಸ್ಥರದೋ ಆಡಳಿತ ಮಂಡಳಿಯದೋ? ಶಿಸ್ತು ವಿಚಾರಣೆಯ ಕ್ರಮ ಒಪ್ಪಂದದ ಭಾಗವೋ, ಇಲ್ಲ ಬರೀ ಕಂಪನಿಯ ನೀತಿಯೋ? ಈ ಕೊನೆಯದು ಮುಖ್ಯ. ವಿಚಾರಣೆ ಒಪ್ಪಂದದ ಭಾಗವಾಗಿದ್ದರೆ ಅದನ್ನು ಬಿಟ್ಟು ತೆಗೆದದ್ದೇ ಒಂದು ಉಲ್ಲಂಘನೆ. ಆಗ ತಪ್ಪು ಸಾಬೀತಾದರೂ ವಿಚಾರಣೆಗೆ ಹಿಡಿಯುತ್ತಿದ್ದ ಅವಧಿಯ ಸಂಬಳ ಕೊಡಬೇಕಾಗಿ ಬರಬಹುದು.

## ಹಂತ 2: ನೋಟಿಸ್ ಇಲ್ಲದೆಯೋ, ನೋಟಿಸ್ ಕೊಟ್ಟೋ

ಇದನ್ನು ಮೊದಲು ತೀರ್ಮಾನಿಸಿ, ಆಮೇಲೆ ಅದರಿಂದ ಕದಲಬೇಡಿ. ಎರಡು ದೋಣಿಯಲ್ಲಿ ಕಾಲಿಟ್ಟ ಪತ್ರಗಳೇ ಜಾಸ್ತಿ ಸೋಲುವುದು. "ಗಂಭೀರ ದುರ್ನಡತೆಗಾಗಿ ತಕ್ಷಣ ವಜಾ ಮಾಡಲಾಗಿದೆ, ಆದರೂ ನಿಮ್ಮ ದೀರ್ಘ ಸೇವೆಯನ್ನು ಗಮನಿಸಿ ಮೂರು ತಿಂಗಳ ನೋಟಿಸ್ ಸಂಬಳ ಕೊಡಲಾಗುವುದು" ಎಂದು ಬರೆದರೆ ಏನಾಗುತ್ತದೆ? ಎದುರು ವಕೀಲರು ಕೇಳುತ್ತಾರೆ: ತಪ್ಪು ಅಷ್ಟು ಗಂಭೀರವಾಗಿದ್ದರೆ ನೋಟಿಸ್ ಸಂಬಳ ಯಾಕೆ? ಕೊಡುವುದಾದರೆ ಆರು ತಿಂಗಳದ್ದು ಯಾಕಿಲ್ಲ?

ಇಂಗ್ಲೆಂಡಿನ ಅಪೀಲು ನ್ಯಾಯಾಲಯ 2012ರಲ್ಲಿ ತೀರ್ಮಾನಿಸಿದ ಕ್ಯಾವನಾ ವಿರುದ್ಧ ವಿಲಿಯಂ ಇವಾನ್ಸ್ ಪ್ರಕರಣ ಇದಕ್ಕೆ ಪಾಠ. ಕಂಪನಿಯು ತನ್ನ ವ್ಯವಸ್ಥಾಪಕ ನಿರ್ದೇಶಕರನ್ನು ಹುದ್ದೆಯೇ ಬೇಡವೆಂದು ತೆಗೆಯಿತು. ಒಪ್ಪಂದದಲ್ಲಿ ಇದ್ದ ಹಾಗೆ ನೋಟಿಸ್ ಬದಲು ಹಣ ಕೊಡುವುದಾಗಿ ಹೇಳಿತು. ಆಮೇಲೆ ಗೊತ್ತಾಯಿತು, ಅವರು ಕಂಪನಿಯ ದುಡ್ಡನ್ನು ತಮ್ಮ ಪಿಂಚಣಿಗೆ ಹಾಕಿಸಿಕೊಂಡಿದ್ದರು. ಕಂಪನಿ ಹಣ ಕೊಡಲು ಒಪ್ಪಲಿಲ್ಲ. ಕೊಡಲೇಬೇಕು ಎಂದಿತು ನ್ಯಾಯಾಲಯ. ಕೊಡುತ್ತೇವೆ ಎಂಬ ದಾರಿಯನ್ನು ಕಂಪನಿಯೇ ಆರಿಸಿಕೊಂಡಿತ್ತು. ಹಾಗಾಗಿ ಅದು ಕಂಪನಿ ತೀರಿಸಲೇಬೇಕಾದ ಸಾಲವಾಗಿಬಿಟ್ಟಿತ್ತು.

ತೀರ್ಮಾನಕ್ಕೆ ನನ್ನ ಸೂತ್ರ ಹೀಗಿದೆ. ತಪ್ಪಿನ ತಿರುಳು ದಾಖಲೆಯಿಂದಲೇ ಸಾಬೀತಾಗುತ್ತದೆ ಎಂದಾದರೆ ನೋಟಿಸ್ ಇಲ್ಲದೆ ವಜಾ. ಒಬ್ಬ ಸಾಕ್ಷಿಯ ಮಾತಿನ ಮೇಲೆ ಮಾತ್ರ ನಿಂತಿದ್ದರೆ, ಆ ಸಾಕ್ಷಿ ಇನ್ನೆರಡು ವರ್ಷ ಕಂಪನಿಯಲ್ಲೇ ಇರುತ್ತಾರೆಂಬ ಖಾತ್ರಿ ಇಲ್ಲದಿದ್ದರೆ, ನೋಟಿಸ್ ಕೊಟ್ಟು ತೆಗೆಯುವುದೇ ಲೇಸು. ದುಡ್ಡು ಹೋಗುತ್ತದೆ, ಆದರೆ ಒಪ್ಪಂದದ ಕೇಸೂ ಹೋಗುತ್ತದೆ.

ಕಾಲದ ಮಾತೂ ಇಲ್ಲೇ ಬರುತ್ತದೆ. ತಪ್ಪು ಪೂರ್ತಿ ಗೊತ್ತಾದ ಮೇಲೂ ಅವರಿಗೆ ಬೋನಸ್ ಕೊಟ್ಟು, ಹೊಸ ಜವಾಬ್ದಾರಿ ಹೊರಿಸಿ, ತಿಂಗಳುಗಟ್ಟಲೆ ಸುಮ್ಮನಿದ್ದರೆ, ನೀವು ಅದನ್ನು ಮನ್ನಿಸಿದಿರಿ ಎಂಬ ವಾದ ಹುಟ್ಟುತ್ತದೆ. ತನಿಖೆಗೆ ಸಮಯ ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ಸಂಬಳ ಸಹಿತ ಅಮಾನತು ಮಾಡಿ, "ಕಂಪನಿಯ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಎಂದು ಅಮಾನತು ಪತ್ರದಲ್ಲೇ ಬರೆದಿಡಿ. ನಮ್ಮ ಪ್ರಕರಣದಲ್ಲಿ ಆಡಿಟ್ ವರದಿ ಬಂದದ್ದು ಮಾರ್ಚ್ 4. ಅಮಾನತು 6ಕ್ಕೆ, ಆರೋಪ ಪತ್ರ 10ಕ್ಕೆ, ವಿಚಾರಣೆ 18ಕ್ಕೆ. ಈ ವೇಗಕ್ಕೆ ಯಾರೂ ಬೆರಳು ತೋರಿಸಲಾರರು.

## ಹಂತ 3: ಕಾರಣಗಳನ್ನು ಆರಿಸುವುದು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಅತಿ ಮುಖ್ಯ. ಒಬ್ಬ ಹಿರಿಯರನ್ನು ತೆಗೆಯಬೇಕು ಎಂದಾದ ಕೂಡಲೇ ಎಲ್ಲ ಕಡೆಯಿಂದ ದೂರುಗಳು ಬರಲು ಶುರುವಾಗುತ್ತವೆ. ನಮ್ಮ ಪ್ರಕರಣದಲ್ಲೂ ಹಾಗೇ. ವಿಚಾರಣೆ ಮುಗಿಯುವ ಹೊತ್ತಿಗೆ ಪಟ್ಟಿಯಲ್ಲಿ ಐದು ಇದ್ದವು: ಪಾಲು ಮುಚ್ಚಿಟ್ಟದ್ದು, ಸುಳ್ಳು ಘೋಷಣೆ, ಸಾಮಾನನ್ನು ಮಾರುಕಟ್ಟೆಗಿಂತ ಹೆಚ್ಚಿನ ದರಕ್ಕೆ ಕೊಂಡದ್ದು, ಆಡಿಟರ್ ಜೊತೆ ಒರಟಾಗಿ ಮಾತಾಡಿದ್ದು, ಪ್ರಯಾಣದ ಎರಡು ಬಿಲ್ ಸಿಗದಿರುವುದು.

ಒಂದೊಂದನ್ನೇ ತೂಗಿ ನೋಡೋಣ. ಮೊದಲನೆಯದಕ್ಕೆ ಪೂರೈಕೆದಾರ ಕಂಪನಿಯ ಷೇರುದಾರರ ಪಟ್ಟಿ ಇದೆ, ಖರೀದಿ ಆದೇಶಗಳಿವೆ. ಎರಡನೆಯದಕ್ಕೆ ಅವರದೇ ಸಹಿ ಇದೆ. ಪಾಲು ಇದ್ದದ್ದನ್ನು ವಿಚಾರಣೆಯಲ್ಲಿ ಅವರೇ ಒಪ್ಪಿದ್ದಾರೆ. ಇವೆರಡೂ ಗಟ್ಟಿ.

ಮೂರನೆಯದು ನೋಡಲು ದೊಡ್ಡದು, ಕೈ ಹಾಕಿದರೆ ಜಾರುತ್ತದೆ. ಆ ಸಾಮಾನಿನ ಗುಣಮಟ್ಟ ಬೇರೆ, ಪೂರೈಸುವ ಅವಧಿ ಬೇರೆ ಎಂದು ಅವರು ಹೇಳುತ್ತಾರೆ. ಕೋರ್ಟಿನಲ್ಲಿ ಎರಡೂ ಕಡೆಯ ತಜ್ಞರು ದರದ ಬಗ್ಗೆ ವಾರಗಟ್ಟಲೆ ವಾದಿಸಬಹುದು. ಅದನ್ನು ನೀವು ಸೋತರೆ ಉಳಿದೆರಡು ಕಾರಣಗಳ ಮೇಲೂ ಅದರ ನೆರಳು ಬೀಳುತ್ತದೆ. ಅದಿಲ್ಲದೆಯೂ ಪ್ರಕರಣ ನಿಲ್ಲುತ್ತದೆ, ಅಲ್ವಾ? ಬಿಟ್ಟುಬಿಡಿ. ನಾಲ್ಕನೆಯದು ಆರೋಪ ಪತ್ರದಲ್ಲೇ ಇರಲಿಲ್ಲ. ಉತ್ತರಿಸಲು ಅವಕಾಶ ಕೊಡದ ಆರೋಪದ ಮೇಲೆ ಒಬ್ಬರನ್ನು ವಜಾ ಮಾಡುವುದು ಅನ್ಯಾಯ. ಅದನ್ನು ಪತ್ರದಲ್ಲಿ ಹಾಕಿದರೆ ಆ ಅನ್ಯಾಯಕ್ಕೆ ನೀವೇ ಸಾಕ್ಷಿ ಬರೆದುಕೊಟ್ಟ ಹಾಗೆ. ಐದನೆಯದು ಸಣ್ಣದು. ಸಣ್ಣದನ್ನು ದೊಡ್ಡದರ ಪಕ್ಕ ಇಟ್ಟರೆ, ಹುಡುಕಿ ಹುಡುಕಿ ಹೆಕ್ಕಿದ್ದಾರೆ ಎಂಬ ಭಾವನೆ ಬರುತ್ತದೆ.

ಬಿಟ್ಟ ಕಾರಣಗಳು ಪೂರ್ತಿ ಕೈತಪ್ಪಿ ಹೋಗುತ್ತವೆ ಎಂಬ ಭಯ ಬೇಡ. 1888ರ ಬಾಸ್ಟನ್ ಡೀಪ್ ಸೀ ಫಿಶಿಂಗ್ ವಿರುದ್ಧ ಆನ್ಸೆಲ್ ಪ್ರಕರಣ ಕಾಮನ್ ಲಾ ದೇಶಗಳಲ್ಲಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಮೀನುಗಾರಿಕೆ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರೊಬ್ಬರು ದೋಣಿ ಕಟ್ಟುವವರಿಂದ ಗುಟ್ಟಾಗಿ ಕಮಿಷನ್ ಪಡೆದಿದ್ದರು. ಅವರನ್ನು ತೆಗೆದಾಗ ಕಂಪನಿಗೆ ಇದು ಗೊತ್ತೇ ಇರಲಿಲ್ಲ. ಆದರೂ ಆಮೇಲೆ ಸಿಕ್ಕ ಆ ಪುರಾವೆಯಿಂದಲೇ ವಜಾ ಸರಿ ಎಂದಾಯಿತು. ಅಂದರೆ ಒಪ್ಪಂದದ ದಾವೆಯಲ್ಲಿ, ವಜಾ ಆದ ದಿನದ ಮುಂಚೆ ನಡೆದ ತಪ್ಪನ್ನು ಆಮೇಲೂ ಎತ್ತಬಹುದು. ಆದರೆ ಅನ್ಯಾಯದ ವಜಾ ದಾವೆಯಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ತೀರ್ಮಾನ ಮಾಡುವಾಗ ನಿಮಗೆ ಗೊತ್ತಿದ್ದುದನ್ನೇ ನೋಡುತ್ತಾರೆ. ಆದ್ದರಿಂದ ಪತ್ರದಲ್ಲಿ ಇರುವ ಕಾರಣಗಳೇ ತಮ್ಮ ಕಾಲ ಮೇಲೆ ನಿಲ್ಲುವಂತಿರಬೇಕು.

## ಹಂತ 4: ಸಂಗತಿಯ ಪ್ಯಾರಾ

ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

"ನೀವು ದೀರ್ಘಕಾಲದಿಂದ ಕಂಪನಿಗೆ ವಂಚನೆ ಮಾಡುತ್ತಾ, ನಿಮ್ಮ ಕುಟುಂಬದ ಲಾಭಕ್ಕಾಗಿ ಅಧಿಕಾರ ದುರುಪಯೋಗಪಡಿಸಿಕೊಂಡು, ಕಂಪನಿಗೆ ಭಾರೀ ನಷ್ಟ ಉಂಟುಮಾಡಿದ್ದೀರಿ. ನಿಮ್ಮ ಮೇಲೆ ನಾವಿಟ್ಟಿದ್ದ ನಂಬಿಕೆ ಪೂರ್ತಿ ಹೋಗಿದೆ."

ಈಗ ಎದುರು ವಕೀಲರ ಕಣ್ಣಿನಿಂದ ಓದಿ. "ದೀರ್ಘಕಾಲ" ಎಂದರೆ ಎಷ್ಟು? ನಿಮ್ಮ ಹತ್ತಿರ ಇರುವುದು ಎರಡು ವರ್ಷದ ದಾಖಲೆ. "ವಂಚನೆ" ಎಂದರೆ ಉದ್ದೇಶಪಟ್ಟು ಮೋಸ ಮಾಡಿದ್ದನ್ನು ಸಾಬೀತು ಮಾಡಬೇಕು. ಆರೋಪ ಗಂಭೀರವಾದಷ್ಟೂ ನ್ಯಾಯಾಧೀಶರು ಪುರಾವೆಯನ್ನು ಸೂಕ್ಷ್ಮವಾಗಿ ನೋಡುತ್ತಾರೆ. ಪತ್ರ ಮೂರನೆಯವರ ಕೈಗೆ ಹೋದರೆ ಮಾನನಷ್ಟದ ಮಾತೂ ಏಳಬಹುದು. "ಭಾರೀ ನಷ್ಟ" ಎಂದಿರಿ, ಲೆಕ್ಕ ಎಲ್ಲಿ? ಇಷ್ಟು ಭಾರ ಹೊರುವ ಅಗತ್ಯವೇ ಇಲ್ಲ. ತಿಳಿಸಬೇಕಾದದ್ದನ್ನು ತಿಳಿಸಲಿಲ್ಲ, ಘೋಷಣೆ ನಿಜವಾಗಿರಲಿಲ್ಲ. ಇಷ್ಟೇ ಸಾಕು.

ಎರಡನೆಯ ಕರಡು:

"2022 ಮತ್ತು 2023ರಲ್ಲಿ ನೀವು ಸದರಿ ಪೂರೈಕೆದಾರ ಕಂಪನಿಗೆ ಏಳು ಖರೀದಿ ಆದೇಶಗಳನ್ನು ಮಂಜೂರು ಮಾಡಿದ್ದೀರಿ (ಅನುಬಂಧ 1). ಆ ಅವಧಿಯುದ್ದಕ್ಕೂ ಆ ಕಂಪನಿಯಲ್ಲಿ ನಿಮ್ಮ ಪತ್ನಿಗೆ ಶೇ. 40 ಪಾಲು ಇತ್ತು (ಅನುಬಂಧ 2). ಮಾರ್ಚ್ 18ರ ವಿಚಾರಣೆಯಲ್ಲಿ ನೀವು ಇದನ್ನು ಒಪ್ಪಿದ್ದೀರಿ, ಪಾಲಿನ ವಿಷಯ ನಿಮಗೆ ಮೊದಲಿನಿಂದ ಗೊತ್ತಿತ್ತು ಎಂದೂ ಹೇಳಿದ್ದೀರಿ. ಒಪ್ಪಂದದ 9ನೇ ಕಲಂ ಪ್ರಕಾರ ನೀವು ಇದನ್ನು ಬರವಣಿಗೆಯಲ್ಲಿ ತಿಳಿಸಬೇಕಿತ್ತು. ತಿಳಿಸಿಲ್ಲ. ಎರಡೂ ವರ್ಷದ ವಾರ್ಷಿಕ ಘೋಷಣೆಯಲ್ಲಿ 'ಯಾವುದೂ ಇಲ್ಲ' ಎಂದು ಬರೆದು ಸಹಿ ಮಾಡಿದ್ದೀರಿ (ಅನುಬಂಧ 3)."

ಇದರಲ್ಲಿ ಬೈಗುಳ ಇಲ್ಲ, ಆದರೂ ಇದು ಮೊದಲನೆಯದಕ್ಕಿಂತ ಹತ್ತು ಪಟ್ಟು ಭಾರ. ಪ್ರತಿ ವಾಕ್ಯಕ್ಕೂ ಒಂದು ಕಾಗದವೋ ಒಂದು ಒಪ್ಪಿಗೆಯೋ ಇದೆ. "ಗೊತ್ತಿತ್ತು" ಎಂಬ ಒಂದು ಪದವನ್ನು ಗಮನಿಸಿ. ಅದಿಲ್ಲದಿದ್ದರೆ, ಹೆಂಡತಿಯ ವ್ಯವಹಾರ ತನಗೆ ತಿಳಿದಿರಲಿಲ್ಲ ಎಂದು ಜಾರಿಕೊಳ್ಳಲು ಜಾಗ ಇರುತ್ತಿತ್ತು. ಆದ್ದರಿಂದಲೇ ವಿಚಾರಣೆಯಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಕೇಳಿ, ಉತ್ತರವನ್ನು ಅವರ ಮಾತಲ್ಲೇ ಬರೆದುಕೊಂಡು, ಟಿಪ್ಪಣಿಗೆ ಅವರ ಸಹಿ ಪಡೆಯಬೇಕು.

## ಹಂತ 5: ಅವರ ಉತ್ತರಕ್ಕೆ ಜಾಗ ಕೊಡಿ

ಬಹಳ ಪತ್ರಗಳಲ್ಲಿ ಈ ಪ್ಯಾರಾ ಇರುವುದೇ ಇಲ್ಲ. "ನಿಮ್ಮ ಉತ್ತರ ತೃಪ್ತಿಕರವಾಗಿಲ್ಲ" ಎಂಬ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಓದಿದ ನ್ಯಾಯಾಧೀಶರಿಗೆ, ಇವರು ಉತ್ತರವನ್ನು ಓದಿದ್ದಾರೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಅದು ಅಧಿಕಾರಿಯ ಬಗ್ಗೆ ಮಾಡುವ ಅಗೌರವವೂ ಹೌದು. ಹನ್ನೊಂದು ವರ್ಷ ದುಡಿದವರ ವಿವರಣೆಗೆ ಎರಡು ಸಾಲಿನ ಉತ್ತರವನ್ನಾದರೂ ಕೊಡಬೇಕು.

ನಮ್ಮ ಅಧಿಕಾರಿ ಎರಡು ಮಾತು ಹೇಳಿದ್ದರು. ಹಿಂದಿನ ವ್ಯವಸ್ಥಾಪಕ ನಿರ್ದೇಶಕರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೆ. ಕಂಪನಿಗೆ ನಷ್ಟ ಆಗಿಲ್ಲ. ಮೊದಲನೆಯದನ್ನು ಪರೀಕ್ಷಿಸದೆ ಪತ್ರ ಬರೆದರೆ ಇಡೀ ಪ್ರಕರಣ ಕುಸಿಯಬಹುದು. ಯಾಕೆಂದರೆ ಮೇಲಿನವರಿಗೆ ಗೊತ್ತಿದ್ದೂ ಸುಮ್ಮನಿದ್ದರು ಎಂದಾದರೆ, ಕಂಪನಿ ಒಪ್ಪಿಕೊಂಡಿತ್ತು ಎಂಬ ವಾದ ಬಲವಾಗುತ್ತದೆ. ಹಾಗಾಗಿ ಕೆಲಸ ಬಿಟ್ಟು ಹೋದ ಆ ನಿರ್ದೇಶಕರನ್ನೂ ಬರವಣಿಗೆಯಲ್ಲಿ ಕೇಳಬೇಕು. ಅವರು ಇಲ್ಲ ಎಂದರು ಎಂದಿಟ್ಟುಕೊಳ್ಳಿ. ಆ ಉತ್ತರದ ಪ್ರತಿಯನ್ನು ಅಧಿಕಾರಿಗೆ ಕೊಟ್ಟು, ಅದಕ್ಕೂ ಅವರ ಮಾತು ಕೇಳಿ. ಇದಕ್ಕೆ ಎರಡು ದಿನ ಹೆಚ್ಚು ಹಿಡಿಯಬಹುದು. ಹಿಡಿಯಲಿ.

ಪತ್ರದಲ್ಲಿ ಹೀಗೆ ಬರುತ್ತದೆ: "ಹಿಂದಿನ ವ್ಯವಸ್ಥಾಪಕ ನಿರ್ದೇಶಕರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದಾಗಿ ನೀವು ಹೇಳಿದ್ದೀರಿ. ಅವರು ಮಾರ್ಚ್ 20ರ ಉತ್ತರದಲ್ಲಿ ಇದನ್ನು ನಿರಾಕರಿಸಿದ್ದಾರೆ (ಅನುಬಂಧ 4). ತಿಳಿಸಿದ್ದಿರಿ ಎಂದೇ ಇಟ್ಟುಕೊಂಡರೂ, ಅದಾದ ಮೇಲೂ ಘೋಷಣೆಯಲ್ಲಿ 'ಯಾವುದೂ ಇಲ್ಲ' ಎಂದು ಬರೆದದ್ದಕ್ಕೆ ನೀವು ಕಾರಣ ಕೊಟ್ಟಿಲ್ಲ. ನಷ್ಟ ಆಗಿಲ್ಲ ಎಂಬ ನಿಮ್ಮ ಮಾತನ್ನು ಗಮನಿಸಿದ್ದೇವೆ. ಈ ತೀರ್ಮಾನ ನಷ್ಟದ ಮೇಲೆ ನಿಂತಿಲ್ಲ."

ಕೊನೆಯ ವಾಕ್ಯ ಚಿಕ್ಕದು, ಆದರೆ ದರದ ಜಗಳದ ಬಾಗಿಲನ್ನು ಮುಚ್ಚುವುದು ಅದೇ.

ಇದರ ಬೆನ್ನಿಗೇ, ಕಡಿಮೆ ಶಿಕ್ಷೆ ಯಾಕೆ ಸಾಲದು ಎಂಬುದನ್ನೂ ಹೇಳಿ. ಪ್ರತಿ ಸುಳ್ಳಿಗೂ ವಜಾ ತಕ್ಕ ಶಿಕ್ಷೆ ಅಲ್ಲ. ಕೆನಡಾದ ಸುಪ್ರೀಂ ಕೋರ್ಟ್ 2001ರ ಮೆಕಿನ್ಲೆ ಪ್ರಕರಣದಲ್ಲಿ, ಅಪ್ರಾಮಾಣಿಕತೆ ಇದ್ದ ಮಾತ್ರಕ್ಕೆ ಸಾಲದು, ಅದರ ಸ್ವರೂಪ ಮತ್ತು ಸಂದರ್ಭ ನೋಡಿ ಸಂಬಂಧ ಮುರಿದುಬಿದ್ದಿದೆಯೇ ಎಂದು ತೂಗಬೇಕು ಎಂದು ಹೇಳಿತು. ಇಲ್ಲಿ ಹುದ್ದೆಯೇ ಉತ್ತರ ಕೊಡುತ್ತದೆ: "ಪೂರೈಕೆದಾರರನ್ನು ಆರಿಸುವುದೇ ನಿಮ್ಮ ಹುದ್ದೆಯ ಕೆಲಸ. ಇತರರ ಘೋಷಣೆಗಳನ್ನು ಪರಿಶೀಲಿಸುವ ಜವಾಬ್ದಾರಿಯೂ ನಿಮ್ಮದೇ ಆಗಿತ್ತು. ನಿಮ್ಮ ಹನ್ನೊಂದು ವರ್ಷದ ಸೇವೆಯನ್ನು ಮತ್ತು ಹಿಂದೆ ಯಾವ ಶಿಸ್ತು ಕ್ರಮವೂ ಇಲ್ಲದಿರುವುದನ್ನು ಗಮನದಲ್ಲಿಟ್ಟುಕೊಂಡೇ, ಎಚ್ಚರಿಕೆ ಅಥವಾ ಬೇರೆ ಹುದ್ದೆ ಸಾಲದು ಎಂದು ತೀರ್ಮಾನಿಸಿದ್ದೇವೆ."

ಇಲ್ಲೊಂದು ಹಳೆಯ ಕಡತ ನೋಡಬೇಕು. ಇದೇ ತಪ್ಪು ಮಾಡಿದ ಇನ್ನೊಬ್ಬರನ್ನು ಹಿಂದೆ ಬರೀ ಎಚ್ಚರಿಕೆ ಕೊಟ್ಟು ಬಿಟ್ಟಿದ್ದರೆ, ಎರಡರ ನಡುವಿನ ವ್ಯತ್ಯಾಸ ಏನೆಂದು ನಿಮ್ಮ ಕಡತದಲ್ಲಿ ಈಗಲೇ ಬರೆದಿಡಿ. ಕೇಸು ಬಂದ ಮೇಲೆ ಬರೆದದ್ದಕ್ಕೆ ಬೆಲೆ ಕಡಿಮೆ.

## ಹಂತ 6: ತೀರ್ಮಾನ ಮತ್ತು ಲೆಕ್ಕ

ತೀರ್ಮಾನದ ವಾಕ್ಯ ನೇರವಾಗಿರಲಿ: "ಒಪ್ಪಂದದ 14ನೇ ಕಲಂ ಅಡಿಯಲ್ಲಿ, ಗಂಭೀರ ದುರ್ನಡತೆಯ ಕಾರಣಕ್ಕೆ, ನಿಮ್ಮ ಸೇವೆಯನ್ನು ಈ ಪತ್ರ ನಿಮಗೆ ತಲುಪಿದ ದಿನದಿಂದ ನೋಟಿಸ್ ಇಲ್ಲದೆ ಕೊನೆಗೊಳಿಸಲಾಗಿದೆ. ನೋಟಿಸ್ ಅವಧಿಗೆ ಸಂಬಳ ಅಥವಾ ಅದರ ಬದಲು ಹಣ ಸಿಗುವುದಿಲ್ಲ." ಹಿಂದಿನ ದಿನಾಂಕ ಹಾಕಲೇಬೇಡಿ. ಸಾಮಾನ್ಯವಾಗಿ ವಜಾ ಜಾರಿಗೆ ಬರುವುದು ಅಧಿಕಾರಿಗೆ ಅದು ತಿಳಿದಾಗ. ಹಿಂದಿನ ದಿನಾಂಕ ಹಾಕಿದರೆ, ನಡುವಿನ ದಿನಗಳ ಸಂಬಳಕ್ಕೂ ನಿಮ್ಮ ಪ್ರಾಮಾಣಿಕತೆಗೂ ಒಟ್ಟಿಗೆ ಪ್ರಶ್ನೆ ಏಳುತ್ತದೆ.

ಆ ದಿನದವರೆಗಿನ ಸಂಬಳ, ಬಳಸದ ರಜೆಯ ಹಣ, ಸಲ್ಲಬೇಕಾದ ಖರ್ಚು ಕೊಡಿ. ಕಂಪನಿಗೆ ಆದ ನಷ್ಟವನ್ನು ಇದರಿಂದ ಮುರಿದುಕೊಳ್ಳುವ ಆಸೆ ಸಹಜ. ಒಪ್ಪಂದದಲ್ಲಿ ಸ್ಪಷ್ಟ ಅನುಮತಿ ಇಲ್ಲದೆ, ಸ್ಥಳೀಯ ಕಾನೂನು ನೋಡದೆ ಮುರಿದುಕೊಳ್ಳಬೇಡಿ. ಸಂಬಳ ಹಿಡಿದದ್ದೇ ಇನ್ನೊಂದು ಕೇಸಾಗುತ್ತದೆ. ಬೋನಸ್ ಮತ್ತು ಷೇರಿನ ವಿಷಯದಲ್ಲಿ ಆಯಾ ಯೋಜನೆಯ ಕಲಂ ಹೆಸರಿಸಿ ಬರೆಯಿರಿ. "ಎಲ್ಲವನ್ನೂ ಕಳೆದುಕೊಳ್ಳುತ್ತೀರಿ" ಎಂಬ ಸಾರಾಸಗಟು ಮಾತು ಬೇಡ. ಈಗಾಗಲೇ ಅವರದಾಗಿರುವ ಷೇರುಗಳನ್ನು ನಿಮ್ಮ ಒಂದು ವಾಕ್ಯ ಕಿತ್ತುಕೊಳ್ಳಲಾರದು.

ಆಮೇಲೆ ಪ್ರತಿಸ್ಪರ್ಧಿ ಷರತ್ತು. ಗೌಪ್ಯತೆ ಮತ್ತು ಪ್ರತಿಸ್ಪರ್ಧಿ ಕಂಪನಿಯ ನಿರ್ಬಂಧಗಳು ಮುಂದುವರಿಯುತ್ತವೆ ಎಂದು ಕಲಂ ಸಂಖ್ಯೆ ಕೊಟ್ಟು ನೆನಪಿಸಿ. ಈ ಒಂದು ಸಾಲಿನ ಬೆನ್ನ ಹಿಂದೆ ದೊಡ್ಡ ಅಪಾಯ ಇದೆ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1909ರಲ್ಲಿ ಜನರಲ್ ಬಿಲ್‌ಪೋಸ್ಟಿಂಗ್ ವಿರುದ್ಧ ಅಟ್ಕಿನ್ಸನ್ ಪ್ರಕರಣದಲ್ಲಿ ಹೇಳಿದ್ದು ಇದು: ಮ್ಯಾನೇಜರನ್ನು ಕಂಪನಿಯೇ ಅಕ್ರಮವಾಗಿ ತೆಗೆದರೆ, ಅವರು ಆ ನಿರ್ಬಂಧದಿಂದ ಬಿಡುಗಡೆ. ಅಂದರೆ ವಜಾ ಬಿದ್ದುಹೋದರೆ ಆರು ತಿಂಗಳ ಸಂಬಳದ ಜೊತೆಗೆ ಆ ರಕ್ಷಣೆಯೂ ಹೋಗಬಹುದು. ನಿಮ್ಮ ಪೂರೈಕೆದಾರರು, ದರ, ಒಪ್ಪಂದ ಎಲ್ಲ ಬಲ್ಲವರು ಮರುದಿನವೇ ಎದುರಿನ ಕಂಪನಿಯಲ್ಲಿ ಕೂರಬಹುದು.

ಉಳಿದವು ಬೇಗ ಮುಗಿಯುತ್ತವೆ. ಲ್ಯಾಪ್‌ಟಾಪ್, ಕಡತ ಹಿಂದಿರುಗಿಸುವ ದಿನ. ಎಷ್ಟು ದಿನದೊಳಗೆ, ಯಾರಿಗೆ ಮೇಲ್ಮನವಿ ಸಲ್ಲಿಸಬಹುದು ಎಂಬುದು. ಮೇಲ್ಮನವಿ ಕೇಳುವವರು ಈ ತೀರ್ಮಾನ ಮಾಡಿದವರಾಗಿರಬಾರದು. ವಜಾ ಆದ ಅಧಿಕಾರಿ ಕಂಪನಿಯ ನಿರ್ದೇಶಕರೂ ಆಗಿದ್ದರೆ ಆ ಹುದ್ದೆ ಬಿಡಿಸುವುದಕ್ಕೆ ಕಂಪನಿ ಕಾನೂನಿನ ಬೇರೆ ಕ್ರಮ ಇರುತ್ತದೆ. ಈ ಪತ್ರ ಅದನ್ನು ಮಾಡುವುದಿಲ್ಲ. ಕೊನೆಗೆ ಒಂದು ಸಾಲು: "ಈ ಪತ್ರದಲ್ಲಿ ಹೇಳದ ವಿಷಯಗಳ ಬಗ್ಗೆ ಕಂಪನಿಯ ಹಕ್ಕುಗಳು ಹಾಗೆಯೇ ಉಳಿದಿವೆ." ಆನ್ಸೆಲ್ ಪ್ರಕರಣದ ಅನುಕೂಲ ಬೇಕಾದಾಗ ಈ ಸಾಲು ಜೊತೆಗಿರುತ್ತದೆ.

## ಹಂತ 7: ಸಹಿ, ತಲುಪಿಸುವುದು, ಮತ್ತು ಪತ್ರದ ಸುತ್ತಲಿನ ಮಾತು

ಅಧಿಕಾರ ಆಡಳಿತ ಮಂಡಳಿಯದಾದರೆ ನಿರ್ಣಯ ಮೊದಲು, ಪತ್ರ ಆಮೇಲೆ. ನಿರ್ಣಯದ ದಿನಾಂಕ ಪತ್ರದ ನಂತರದ್ದಾಗಿದ್ದರೆ ಅದೊಂದೇ ಸಾಕು ಕೇಸು ಎಳೆಯಲು. ಹಾಗೆಯೇ, ವಿಚಾರಣೆ ಮುಗಿಯುವ ಮುಂಚಿನ ತಾರೀಖಿನ ಕರಡು ವಜಾ ಪತ್ರ ಕಂಪ್ಯೂಟರಿನಲ್ಲಿ ಸಿಕ್ಕರೆ, ತೀರ್ಮಾನ ಮೊದಲೇ ಆಗಿತ್ತು ಎನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಒಪ್ಪಂದ ಹೇಳಿದ ರೀತಿಯಲ್ಲೇ ತಲುಪಿಸಿ. ಕೈಗೆ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಪಡೆಯಲು ಒಪ್ಪದಿದ್ದರೆ ಇಬ್ಬರ ಎದುರು ಓದಿ ಹೇಳಿ ದಾಖಲಿಸಿ, ಅದೇ ದಿನ ಅಂಚೆಯಲ್ಲೂ ಕಳಿಸಿ.

ಪತ್ರ ಎಷ್ಟೇ ಚೆನ್ನಾಗಿದ್ದರೂ, ಅದರ ಸುತ್ತ ಹರಿದಾಡುವ ಇಮೇಲುಗಳು ಅದನ್ನು ಕೆಡಿಸಬಹುದು. "ಹೇಗಾದರೂ ಈ ತ್ರೈಮಾಸಿಕದೊಳಗೆ ಅವರನ್ನು ಕಳಿಸಿ" ಎಂದು ಮೇಲಿನವರು ಆಡಿಟ್‌ಗೂ ಮುಂಚೆ ಬರೆದಿದ್ದರೆ, ಆ ಇಮೇಲನ್ನು ಕೋರ್ಟಿನಲ್ಲಿ ಹಾಜರುಪಡಿಸಬೇಕಾಗಿ ಬರುತ್ತದೆ. ಅದನ್ನು ಅಳಿಸಬೇಡಿ, ಅಳಿಸಿದರೆ ಇನ್ನೂ ಕೆಟ್ಟದು. ವಕೀಲರಿಗೆ ಮೊದಲೇ ತೋರಿಸಿ. ಸಿಬ್ಬಂದಿಗೆ ಕಳಿಸುವ ಸುತ್ತೋಲೆಯಲ್ಲಿ "ವೈಯಕ್ತಿಕ ಕಾರಣಗಳಿಂದ ಬಿಟ್ಟಿದ್ದಾರೆ, ಅವರ ಕೊಡುಗೆಗೆ ಧನ್ಯವಾದ" ಎಂದು ಬರೆದರೆ ಅದು ನಿಮ್ಮದೇ ಪತ್ರಕ್ಕೆ ಎದುರು ಸಾಕ್ಷಿ. ಮುಖ ಉಳಿಸುವ ಆಸೆಯಿಂದ ಮಾಡುತ್ತಾರೆ, ಗೊತ್ತು. ಆದರೂ "ಅವರು ಇಂದಿನಿಂದ ಕಂಪನಿಯ ಸೇವೆಯಲ್ಲಿಲ್ಲ, ಖರೀದಿ ವಿಭಾಗವನ್ನು ಸದ್ಯಕ್ಕೆ ಇಂಥವರು ನೋಡಿಕೊಳ್ಳುತ್ತಾರೆ" ಎಂಬಲ್ಲಿಗೆ ನಿಲ್ಲಿಸಿ. ಅದು ನಿಜ, ಮತ್ತು ಅವರ ಮಾನವನ್ನೂ ಕಳೆಯುವುದಿಲ್ಲ.

## ಕಳಿಸುವ ಹಿಂದಿನ ದಿನ

ಪ್ರಕರಣದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಪತ್ರ ಕೊಡಿ, ಅನುಬಂಧಗಳ ಸಮೇತ. ಪ್ರತಿ ವಾಕ್ಯದ ಪಕ್ಕ ಅಂಚಿನಲ್ಲಿ ಎರಡರಲ್ಲಿ ಒಂದು ಬರೆಯಲು ಹೇಳಿ: ಇದನ್ನು ತೋರಿಸುವ ಕಾಗದ ಯಾವುದು, ಅಥವಾ ಇದನ್ನು ಹೇಳುವ ಸಾಕ್ಷಿ ಯಾರು. ಅಂಚು ಖಾಲಿ ಉಳಿದ ವಾಕ್ಯ ಪೂರಕ ಮಾತಾಗಿದ್ದರೆ ಹೊಡೆದುಹಾಕಿ. ಪತ್ರ ಅರ್ಧ ಪುಟ ಚಿಕ್ಕದಾದರೂ ಚಿಂತೆಯಿಲ್ಲ. ಖಾಲಿ ಉಳಿದದ್ದು ಆರೋಪದ ತಿರುಳೇ ಆಗಿದ್ದರೆ, ಉದಾಹರಣೆಗೆ ಹೆಂಡತಿಯ ಪಾಲು ಅವರಿಗೆ ಗೊತ್ತಿತ್ತು ಎಂಬುದಕ್ಕೆ ಏನೂ ಸಿಗದಿದ್ದರೆ, ಪತ್ರವನ್ನು ತಡೆಹಿಡಿಯಿರಿ. ಅವರನ್ನು ಮತ್ತೆ ಕರೆದು ಆ ಪ್ರಶ್ನೆ ಕೇಳಿ. ಆಗಲೂ ಉತ್ತರ ಸಿಗದಿದ್ದರೆ, ಮುಂದುವರಿಯುವುದೋ ಬೇಡವೋ ಎಂದು ಮತ್ತೆ ಯೋಚಿಸಿ. ಮುಂದುವರಿಯುವುದಾದರೆ ಆರು ತಿಂಗಳ ನೋಟಿಸ್ ಕೊಡಿ, ಮತ್ತು ಆ ನೋಟಿಸ್ ಪತ್ರದಲ್ಲಿ ದುರ್ನಡತೆ ಎಂಬ ಪದವನ್ನು ತರಬೇಡಿ.